ಬಂಡೆಯ ಮೇಲೆ ಇಪ್ಪತ್ಮೂರು ಗಂಟೆ: ಎಂಡೆವರ್ ಹಡಗು ಉಳಿದ ಬಗೆ

ಹಡಗೊಂದು ನಡುಕಡಲಲ್ಲಿ ಬಂಡೆಗೆ ಬಡಿದು ಕೂತಿದೆ ಅಂತ ಇಟ್ಟುಕೊಳ್ಳಿ. ತಳ ಒಡೆದಿದೆ, ನೀರು ಒಳಗೆ ಬರ್ತಾ ಇದೆ. ನೀವೇ ನಾಯಕರು. ಮೊದಲು ಏನು ಮಾಡ್ತೀರಿ?

"ಹೇಗಾದರೂ ಮಾಡಿ ಹಡಗನ್ನು ಬಂಡೆಯಿಂದ ಬಿಡಿಸಬೇಕು" ಅಂತ ಹೆಚ್ಚಿನವರು ಹೇಳುತ್ತಾರೆ. ಸಹಜವಾದ ಉತ್ತರವೇ. ಆದರೆ ಸ್ವಲ್ಪ ಯೋಚನೆ ಮಾಡಿ. ಬಂಡೆಯ ಮೇಲೆ ಕೂತ ಹಡಗು ಮುಳುಗಲಾರದು, ಯಾಕಂದರೆ ಅದರ ಭಾರದ ಒಂದು ಪಾಲನ್ನು ಬಂಡೆ ಹೊತ್ತಿದೆ. ಹೊಟ್ಟೆಯಲ್ಲಿ ಎಷ್ಟು ನೀರಿದ್ದರೂ ಅದು ಕೂತಲ್ಲೇ ಕೂತಿರುತ್ತದೆ. ಅದೇ ತೂತಿನ ಹಡಗನ್ನು ಆಳದ ನೀರಿಗೆ ಎಳೆದರೆ, ಆವರೆಗೆ ಬಂಡೆ ಹೊತ್ತ ಭಾರವನ್ನೂ ನೀರೇ ಹೊರಬೇಕು. ಒಳಗೆ ಬರುವ ನೀರು ಹೊರಗೆ ಹಾಕುವ ನೀರಿಗಿಂತ ಹೆಚ್ಚಿದ್ದರೆ, ನಿಮ್ಮನ್ನು ಕೆಡವಿದ ಬಂಡೆಯೇ ನಿಮ್ಮನ್ನು ಇಷ್ಟು ಹೊತ್ತು ಉಳಿಸಿತ್ತು ಅನ್ನೋದು ಆಗ ಗೊತ್ತಾಗುತ್ತದೆ.

ಈ ಇಕ್ಕಟ್ಟನ್ನು ಗಂಟೆ ಗಂಟೆಗೂ ಬರೆದಿಟ್ಟ ಒಂದು ಘಟನೆ ಚರಿತ್ರೆಯಲ್ಲಿದೆ. 1770ರ ಜೂನ್ 11ರ ರಾತ್ರಿ, ಆಸ್ಟ್ರೇಲಿಯಾದ ಈಶಾನ್ಯ ಕರಾವಳಿಯ ಹವಳದಿಬ್ಬದ ಮೇಲೆ ಜೇಮ್ಸ್ ಕುಕ್‌ನ ಎಂಡೆವರ್ ಹಡಗು ಬಡಿದು ಕೂತಿತು. ಕುಕ್‌ನ ದಿನಚರಿ ಉಳಿದಿದೆ. ಜೊತೆಗಿದ್ದ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್‌ನ ದಿನಚರಿಯೂ ಉಳಿದಿದೆ. ಕುಕ್ ಯಾರ ನೆಲದಲ್ಲಿ ಯಾವ ಬಾವುಟ ನೆಟ್ಟ ಅನ್ನುವುದು ಬೇರೆಯೇ ಚರ್ಚೆ, ಅದು ಆಗಲೇಬೇಕಾದ ಚರ್ಚೆ. ಇಲ್ಲಿ ನಾನು ಹೇಳಹೊರಟಿರುವುದು ಆ ಇಪ್ಪತ್ಮೂರು ಗಂಟೆಗಳ ಮತ್ತು ಅದರ ಮರುದಿನದ ಕಥೆ ಮಾತ್ರ.

ಬಡಿದ ಕ್ಷಣ

ಎಂಡೆವರ್ ಮೊದಲು ಕಲ್ಲಿದ್ದಲು ಸಾಗಿಸುತ್ತಿದ್ದ ಹಡಗು. ಇಂಗ್ಲೆಂಡಿನ ವಿಟ್ಬಿಯಲ್ಲಿ ಕಟ್ಟಿದ್ದು. ಉದ್ದ ಸುಮಾರು 30 ಮೀಟರ್, ಅಗಲ ಸುಮಾರು 9 ಮೀಟರ್. ಕಲ್ಲಿದ್ದಲಿನ ಹಡಗುಗಳು ಇಳಿತದ ಹೊತ್ತಿಗೆ ಮರಳಿನ ಮೇಲೆ ಕೂತು ಸರಕು ಇಳಿಸಬೇಕಾಗಿತ್ತು. ಅದಕ್ಕೇ ತಳ ಚಪ್ಪಟೆ, ಮರ ದಪ್ಪ. ಚೂಪು ತಳದ ಹಡಗಾಗಿದ್ದರೆ ಬಂಡೆಯ ಮೇಲೆ ಪೂರ್ತಿ ಮಗ್ಗುಲಾಗುವ ಭಯ ಹೆಚ್ಚಿರುತ್ತಿತ್ತು.

ಆ ರಾತ್ರಿ ಬೆಳದಿಂಗಳಿತ್ತು. ಹಗ್ಗಕ್ಕೆ ಕಟ್ಟಿದ ಸೀಸದ ಗುಂಡು ಇಳಿಬಿಟ್ಟು ಆಳ ನೋಡುವವನು ತನ್ನ ಕೆಲಸದಲ್ಲೇ ಇದ್ದ. ಹತ್ತು ಗಂಟೆಯ ಸುಮಾರಿಗೆ ಆಳ ಇಪ್ಪತ್ತು ಮಾರು. ಒಂದು ಮಾರು ಅಂದರೆ ಆರು ಅಡಿ. ಹನ್ನೊಂದಕ್ಕೆ ಕೆಲವೇ ನಿಮಿಷ ಇರುವಾಗ ಹದಿನೇಳು ಮಾರು. ಅವನು ಮತ್ತೊಮ್ಮೆ ಗುಂಡು ಎಸೆಯುವ ಮೊದಲೇ ಹಡಗು ಬಡಿದು ನಿಂತುಬಿಟ್ಟಿತು. ಹವಳದಿಬ್ಬದ ಸ್ವಭಾವವೇ ಹಾಗೆ. ಮರಳಿನ ದಿಬ್ಬದ ಹಾಗೆ ಮೆಲ್ಲಗೆ ಏರುವುದಿಲ್ಲ, ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ.

ಕುಕ್ ಮಾಡಿಸಿದ ಮೊದಲ ಕೆಲಸಗಳನ್ನು ಗಮನಿಸಿ. ಹಾಯಿಗಳನ್ನೆಲ್ಲ ಇಳಿಸಿದರು, ಇಲ್ಲದಿದ್ದರೆ ಗಾಳಿ ಹಡಗನ್ನು ಬಂಡೆಯ ಮೇಲೆ ಇನ್ನಷ್ಟು ತಳ್ಳುತ್ತಿತ್ತು. ಆಮೇಲೆ ದೋಣಿ ಇಳಿಸಿ ಹಡಗಿನ ಸುತ್ತಲೂ ಆಳ ಅಳೆದರು. ಕೆಲವು ಕಡೆ ಮೂರು ನಾಲ್ಕು ಮಾರು ನೀರು, ಕೆಲವು ಕಡೆ ಮೂರು ನಾಲ್ಕು ಅಡಿಯೂ ಇಲ್ಲ. ಒಂದು ಲಂಗರನ್ನು ಬಲಗಡೆ ಮುಂದಕ್ಕೆ ಒಯ್ದು ಹಾಕಿದ್ದಾಯಿತು. ಎರಡನೆಯದನ್ನೂ ಅಲ್ಲಿಗೇ ಒಯ್ಯುವವರಿದ್ದರು. ಆದರೆ ಎರಡನೇ ಸಲ ಸುತ್ತ ಅಳೆದಾಗ ಹೆಚ್ಚಿನ ಆಳ ಹಿಂಬದಿಗಿದೆ ಅಂತ ತಿಳಿಯಿತು. ಲಂಗರು ದಿಕ್ಕು ಬದಲಿಸಿತು. ಎರಡನೇ ಸಲ ಅಳೆಯದೆ ಇದ್ದಿದ್ದರೆ ಹಡಗನ್ನು ಇನ್ನಷ್ಟು ಬಂಡೆಯ ಕಡೆಗೇ ಎಳೆಯುತ್ತಿದ್ದರು.

ದೋಣಿಯಲ್ಲಿ ಲಂಗರು ಯಾಕೆ ಒಯ್ಯುತ್ತಾರೆ ಅಂತ ಕೇಳಬಹುದು. ಆಗ ಎಂಜಿನ್ ಇರಲಿಲ್ಲ. ಲಂಗರನ್ನು ದೂರದ ಆಳದಲ್ಲಿ ಹಾಕಿ, ಅದರ ಹಗ್ಗವನ್ನು ಹಡಗಿನ ಮೇಲಿನ ದೊಡ್ಡ ರಾಟೆಗೆ ಸುತ್ತಿ ತಿರುಗಿಸಿದರೆ, ಲಂಗರು ಹಡಗಿನ ಕಡೆಗೆ ಬರುವ ಬದಲು ಹಡಗೇ ಲಂಗರಿನ ಕಡೆಗೆ ಸರಿಯುತ್ತದೆ. ಬಲವೆಲ್ಲ ಹಾಕಿ ಎಳೆದರು. ಹಡಗು ಅಲುಗಲಿಲ್ಲ.

ಒಂದು ಅಡಿ ಸಾಲದಾಯಿತು

ಅಲುಗದಿರುವುದಕ್ಕೆ ಕಾರಣವಿತ್ತು. ಹಡಗು ಬಡಿದದ್ದು ಭರತದ ನೀರು ಹೆಚ್ಚುಕಡಿಮೆ ಪೂರ್ತಿ ಏರಿದ್ದಾಗ. ಕಡಲ ಕರೆಯಲ್ಲಿ ಬೆಳೆದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಇಳಿತದಲ್ಲಿ ಕೂತ ದೋಣಿಯನ್ನು ಭರತ ತಾನಾಗಿ ಎತ್ತುತ್ತದೆ. ಭರತದ ನೆತ್ತಿಯಲ್ಲಿ ಕೂತ ದೋಣಿಗೆ ಅದಕ್ಕಿಂತ ಹೆಚ್ಚಿನ ನೀರು ಎಲ್ಲಿಂದ ಬರಬೇಕು? ಇನ್ನು ಉಳಿದದ್ದು ಭಾರ ಇಳಿಸುವ ದಾರಿ. ಆರು ಫಿರಂಗಿ, ತಳಭಾರಕ್ಕೆ ಹಾಕಿದ್ದ ಕಬ್ಬಿಣ ಮತ್ತು ಕಲ್ಲು, ಪೀಪಾಯಿ, ಎಣ್ಣೆಜಾಡಿ, ಹಾಳಾದ ಸಾಮಾನು, ಎಲ್ಲ ಕಡಲಿಗೆ ಹೋಯಿತು. ಕುಕ್ ಬರೆದ ಲೆಕ್ಕದ ಪ್ರಕಾರ ನಲವತ್ತೈವತ್ತು ಟನ್.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಮತ್ತೆ ಭರತ ಬಂತು. ಅಷ್ಟು ಭಾರ ಎಸೆದಿದ್ದರೂ ಹಡಗು ತೇಲಲು ಇನ್ನೂ ಒಂದು ಅಡಿಗಿಂತ ಹೆಚ್ಚು ನೀರು ಬೇಕಾಗಿತ್ತು. ಇದು ಹೇಗೆ ಅಂತ ಲೆಕ್ಕ ಹಾಕಿ ನೋಡಬಹುದು. ಇಷ್ಟು ಉದ್ದಗಲದ ಹಡಗನ್ನು ಒಂದು ಸೆಂಟಿಮೀಟರ್ ಮೇಲೆತ್ತಲು ಸುಮಾರು ಎರಡು ಟನ್ ಭಾರ ಇಳಿಸಬೇಕು. ಇದು ಸ್ಥೂಲ ಲೆಕ್ಕ. ಹಾಗಾದರೆ ಐವತ್ತು ಟನ್ನಿಗೆ ಹಡಗು ಎದ್ದದ್ದು ಇಪ್ಪತ್ತೈದು ಸೆಂಟಿಮೀಟರ್, ಒಂದು ಅಡಿಯೂ ಇಲ್ಲ. ಅಷ್ಟು ಸಾಮಾನು ಕೊಟ್ಟು ಪಡೆದದ್ದನ್ನು ಹಗಲಿನ ಸಣ್ಣ ಭರತ ನುಂಗಿಹಾಕಿತ್ತು.

"ಸಣ್ಣ ಭರತ" ಅಂದದ್ದಕ್ಕೂ ಕಾರಣವಿದೆ. ದಿನದ ಎರಡು ಭರತಗಳು ಒಂದೇ ಎತ್ತರ ಇರಬೇಕೆಂದಿಲ್ಲ. ಆ ಕರಾವಳಿಯಲ್ಲಿ, ವರ್ಷದ ಆ ಕಾಲದಲ್ಲಿ, ರಾತ್ರಿಯ ಭರತ ಹಗಲಿನದಕ್ಕಿಂತ ಸಾಕಷ್ಟು ಎತ್ತರ ಏರುತ್ತದೆ. ಅಂದರೆ ಹಡಗು ಏಳುವುದಾದರೆ ಆ ರಾತ್ರಿಯೇ ಏಳಬೇಕು. ಇನ್ನುಳಿದ ಎರಡು ದೊಡ್ಡ ಲಂಗರುಗಳನ್ನೂ ಹಿಂಬದಿಗೆ ಒಯ್ದು ಹಾಕಿ, ಹಗ್ಗಗಳಿಗೆ ರಾಟೆ ಕಟ್ಟಿ, ಕಾದರು.

ನೀರಿನ ಲೆಕ್ಕ

ಈಗ ನೀರಿನ ಮಾತಿಗೆ ಬರೋಣ. ಮಧ್ಯಾಹ್ನದ ಇಳಿತದಲ್ಲಿ ಎರಡು ಪಂಪು ಹೊಡೆದರೆ ಸಾಕಾಗುವಷ್ಟು ನೀರು ಬರ್ತಿತ್ತು. ಸಂಜೆ ಐದಕ್ಕೆ ಭರತ ಏರತೊಡಗಿದಂತೆ ಮೂರನೇ ಪಂಪೂ ಬೇಕಾಯಿತು. ನಾಲ್ಕನೆಯದನ್ನೂ ಹೂಡುತ್ತಿದ್ದರು, ಆದರೆ ಅದು ಕೆಲಸವೇ ಮಾಡಲಿಲ್ಲ.

ಭರತ ಏರಿದರೆ ಸೋರಿಕೆ ಯಾಕೆ ಹೆಚ್ಚುತ್ತದೆ? ತೂತು ನೀರಿನ ಮಟ್ಟಕ್ಕಿಂತ ಎಷ್ಟು ಕೆಳಗಿದೆಯೋ ಅಷ್ಟು ಒತ್ತಡ. ಒಂದು ಉದಾಹರಣೆ ಕೊಡ್ತೀನಿ. ಹತ್ತು ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲದ ತೂತು, ಅಂದರೆ ನಿಮ್ಮ ಅಂಗೈಯಷ್ಟು, ಮೂರು ಮೀಟರ್ ಆಳದಲ್ಲಿದೆ ಅಂದುಕೊಳ್ಳಿ. ಅದರಿಂದ ಸೆಕೆಂಡಿಗೆ ಸುಮಾರು 45 ಲೀಟರ್ ನೀರು ನುಗ್ಗುತ್ತದೆ. ಪ್ರತಿ ಸೆಕೆಂಡಿಗೆ ಮೂರು ಬಕೆಟ್. ಗಂಟೆಗೆ ನೂರೈವತ್ತು ಟನ್ನಿಗೂ ಮೇಲೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದೇ ತೂತು ಮುಕ್ಕಾಲು ಮೀಟರ್ ಆಳದಲ್ಲಿದ್ದರೆ, ಅಂದರೆ ಆಳ ನಾಲ್ಕನೇ ಒಂದರಷ್ಟಾದರೆ, ನೀರು ಕಡಿಮೆಯಾಗುವುದು ಅರ್ಧಕ್ಕೆ ಮಾತ್ರ. ಆದರೆ ತೂತಿನ ಬಾಯಿ ಅರ್ಧಕ್ಕೆ ಇಳಿದರೆ ನೀರೂ ನೇರವಾಗಿ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಹಡಗನ್ನು ಎತ್ತುವುದಕ್ಕಿಂತ ತೂತನ್ನು ಕಿರಿದು ಮಾಡುವುದೇ ಹೆಚ್ಚು ಲಾಭ. ಪೂರ್ತಿ ಮುಚ್ಚಲೇಬೇಕೆಂದೂ ಇಲ್ಲ. ಬರುವ ನೀರು ಪಂಪು ಎತ್ತುವ ನೀರಿಗಿಂತ ಒಂದು ಹನಿ ಕಡಿಮೆಯಾದರೂ ಹಡಗು ಉಳಿಯಿತು.

ರಾತ್ರಿ ಒಂಬತ್ತಕ್ಕೆ, ಮಗ್ಗುಲಾಗಿದ್ದ ಹಡಗು ನೆಟ್ಟಗೆ ಎದ್ದಿತು. ಇಷ್ಟು ಹೊತ್ತು ಎಲ್ಲರೂ ಬಯಸಿದ್ದು ಇದನ್ನೇ. ಆದರೆ ಅದೇ ಹೊತ್ತಿಗೆ ಸೋರಿಕೆ ಪಂಪುಗಳನ್ನು ಮೀರಿತು. ಕುಕ್ ಸಾಮಾನ್ಯವಾಗಿ ತಣ್ಣಗೆ ಬರೆಯುವ ಮನುಷ್ಯ. ಅವನೂ ಇಲ್ಲಿ ಭಯಂಕರ ಅನ್ನುವ ಮಾತು ಬಳಸಿದ್ದಾನೆ. ಹಡಗು ತೇಲಿದ ಮರುಗಳಿಗೆಯೇ ನಾಶ ಖಂಡಿತ ಅಂತ ಕಂಡಿತ್ತು. ದಡ ಇಪ್ಪತ್ತು ಕಿಲೋಮೀಟರಿಗಿಂತ ದೂರ. ದೋಣಿಗಳಲ್ಲಿ ಎಲ್ಲರಿಗೂ ಜಾಗವಿಲ್ಲ.

ಹಾಗಾದರೆ ಬಂಡೆಯ ಮೇಲೇ ಇರಬಹುದಿತ್ತಲ್ವಾ? ಇರಬಹುದಿತ್ತು, ಕಡಲು ಶಾಂತವಾಗಿರುವ ತನಕ. ಗಾಳಿ ಎದ್ದರೆ ಅಲೆ ಹಡಗನ್ನು ಎತ್ತಿ ಎತ್ತಿ ಹವಳದ ಮೇಲೆ ಕುಕ್ಕುತ್ತದೆ, ಹಲಗೆ ಪುಡಿಯಾಗುತ್ತದೆ. ಮುಂದಿನ ಭರತ ಹಗಲಿನ ಸಣ್ಣ ಭರತ, ಅದರಲ್ಲಿ ಏಳುವುದಿಲ್ಲ. ಕುಕ್ ಎಲ್ಲವನ್ನೂ ಪಣಕ್ಕಿಟ್ಟು ಎಳೆಯಲು ತೀರ್ಮಾನಿಸಿದ. ಪಂಪಿನಿಂದ ಬಿಡಬಹುದಾದವರನ್ನೆಲ್ಲ ರಾಟೆಗೆ ಹಾಕಿದ. ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಹಡಗು ತೇಲಿತು. ಆಗ ಹೊಟ್ಟೆಯಲ್ಲಿ ಮೂರು ಅಡಿ ಒಂಬತ್ತು ಇಂಚು ನೀರಿತ್ತು.

ಅಳತೆಕೋಲಿನ ಗೊಂದಲ

ಈ ಇಡೀ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇನ್ನು ಮುಂದಿನ ಸಂಗತಿ.

ಹಡಗು ತೇಲಿದ ಮೇಲೆ ಎಲ್ಲರೂ ಪಂಪಿಗೆ ಬಂದರು. ಬ್ಯಾಂಕ್ಸ್‌ನಂಥ ಶ್ರೀಮಂತರೂ ಸರದಿಯಲ್ಲಿ ನಿಂತರು. ಪಂಪು ಹೊಡೆಯುವುದು ಸಣ್ಣ ಕೆಲಸವಲ್ಲ. ಐದಾರು ನಿಮಿಷಕ್ಕಿಂತ ಹೆಚ್ಚು ಯಾರಿಗೂ ಆಗ್ತಿರಲಿಲ್ಲ, ಆಮೇಲೆ ನೀರು ಹರಿಯುತ್ತಿದ್ದ ಅಟ್ಟದ ಮೇಲೇ ಬಿದ್ದುಕೊಳ್ಳುತ್ತಿದ್ದರು ಅಂತ ಯಾತ್ರೆಯ ಮುದ್ರಿತ ವೃತ್ತಾಂತ ಹೇಳುತ್ತದೆ. ಹೊಟ್ಟೆಯಲ್ಲಿ ನೀರು ಎಷ್ಟಿದೆ ಅಂತ ಆಗಾಗ ಕೋಲಿಳಿಸಿ ಅಳೆಯಲು ಒಬ್ಬನನ್ನು ನಿಲ್ಲಿಸಿದ್ದರು.

ಮರದ ಹಡಗಿಗೆ ಎರಡು ಪದರ. ಹೊರಗೆ ಕಡಲಿಗೆ ತಾಗುವ ಹಲಗೆ, ನಡುವೆ ಅಡ್ಡ ತೊಲೆಗಳು, ಒಳಗೆ ಇನ್ನೊಂದು ಪದರ ಹಲಗೆ. ಅಳೆಯುತ್ತಿದ್ದವನು ಒಳಗಿನ ಹಲಗೆಯಿಂದ ಮೇಲಕ್ಕೆ ಎಷ್ಟು ನೀರಿದೆ ಅಂತ ಹೇಳ್ತಿದ್ದ. ಸರದಿ ಬದಲಾಯಿತು. ಹೊಸಬನಿಗೆ ಹಳಬನ ರೀತಿ ಗೊತ್ತಿರಲಿಲ್ಲ. ಅವನು ಕೋಲನ್ನು ಹೊರಗಿನ ಹಲಗೆಯ ತನಕ ಇಳಿಸಿ ಅಳೆದ. ಎರಡಕ್ಕೂ ವ್ಯತ್ಯಾಸ ಹದಿನಾರರಿಂದ ಹದಿನೆಂಟು ಇಂಚು. ಕಡಲು ಕೆಲವೇ ನಿಮಿಷದಲ್ಲಿ ಒಂದೂವರೆ ಅಡಿ ಗೆದ್ದುಬಿಟ್ಟಿದೆ ಅಂತ ಹಡಗೆಲ್ಲ ಸುದ್ದಿಯಾಯಿತು.

ಮೊದಲ ಬಾರಿಗೆ ಪ್ರತಿಯೊಬ್ಬನನ್ನೂ ಭಯ ಹಿಡಿದದ್ದು ಆಗಲೇ ಅಂತ ಕುಕ್ ಬರೆಯುತ್ತಾನೆ. ಬಂಡೆಗೆ ಬಡಿದಾಗ ಅಲ್ಲ, ಹಡಗು ತೇಲಿದಾಗಲೂ ಅಲ್ಲ. ಒಂದು ಅಂಕಿ ಕೇಳಿದಾಗ! ಜನ ಕೈಚೆಲ್ಲಿ ಪಂಪು ಬಿಟ್ಟಿದ್ದರೆ, ತಪ್ಪು ಅಂಕಿ ಅರ್ಧ ಗಂಟೆಯಲ್ಲಿ ನಿಜವಾಗಿಬಿಡುತ್ತಿತ್ತು. ಗೊಂದಲ ಬಗೆಹರಿದ ಕೂಡಲೇ ಮಂತ್ರ ಹಾಕಿದಂತಾಯಿತಂತೆ. ಎರಡರಷ್ಟು ಹುರುಪಿನಿಂದ ಹೊಡೆದು, ಬೆಳಿಗ್ಗೆ ಎಂಟರ ಒಳಗೆ ಪಂಪು ಸೋರಿಕೆಯನ್ನು ಮೀರಿಸಿತು.

ಇವತ್ತೂ ನೀರು ನುಗ್ಗಿದ ಹಡಗಿನಲ್ಲಿ ಅಳೆಯುವವನು ಅಂಕಿಯ ಜೊತೆಗೆ ಎಲ್ಲಿಂದ ಅಳೆದೆ, ಎಷ್ಟು ಗಂಟೆಗೆ ಅಳೆದೆ ಅನ್ನುವುದನ್ನೂ ಬರೆಯಬೇಕು. ಒಂದು ಅಳತೆಯಿಂದ ಏನೂ ಗೊತ್ತಾಗುವುದಿಲ್ಲ. ಒಂದೇ ಜಾಗದಿಂದ, ಒಂದೇ ರೀತಿಯಲ್ಲಿ ತೆಗೆದ ಎರಡು ಅಳತೆಗಳ ವ್ಯತ್ಯಾಸವೇ ಹಡಗು ಗೆಲ್ಲುತ್ತಿದೆಯೋ ಸೋಲುತ್ತಿದೆಯೋ ಹೇಳುವುದು.

ಹಾಯಿಯ ಪಟ್ಟಿ

ಪಂಪು ಗೆದ್ದಿತು, ಆದರೆ ಮನುಷ್ಯರ ತೋಳು ಎಷ್ಟು ದಿನ ಗೆಲ್ಲಬಲ್ಲದು? ತೂತನ್ನು ಒಳಗಿನಿಂದ ಮುಟ್ಟಲು ಆಗದು, ಅದು ಒಳಪದರದ ಹಿಂದೆ, ನೀರಿನಡಿ ಇದೆ. ಆಗ ಜೊನಾಥನ್ ಮಂಕ್‌ಹೌಸ್ ಅನ್ನುವ ಕಿರಿಯ ಅಧಿಕಾರಿ ಒಂದು ಉಪಾಯ ಹೇಳಿದ. ಅವನು ಹಿಂದೆ ಇದ್ದ ವ್ಯಾಪಾರಿ ಹಡಗೊಂದಕ್ಕೆ ಗಂಟೆಗೆ ನಾಲ್ಕು ಅಡಿ ನೀರು ಬರ್ತಿತ್ತು. ಆದರೂ ಈ ಉಪಾಯದಿಂದಲೇ ವರ್ಜೀನಿಯಾದಿಂದ ಲಂಡನ್ನಿಗೆ ತಲುಪಿತ್ತು. ಕುಕ್ ಕೆಲಸವನ್ನು ಅವನಿಗೇ ಒಪ್ಪಿಸಿದ.

ಹಲಗೆಯ ಸಂದಿಗೆ ತುರುಕುವ ನಾರು ಹಡಗಿನಲ್ಲಿ ಯಾವಾಗಲೂ ಇರುತ್ತಿತ್ತು. ಹಳೆಯ ಹಗ್ಗವನ್ನು ಬಿಡಿಸಿ ಮಾಡಿದ್ದು. ಈ ಸಂದಿ ತುಂಬುವ ಕಸುಬಿಗೆ ನಮ್ಮ ಕಡಲಿನ ಹಿಂದೂಸ್ತಾನಿಯಲ್ಲಿ ಕಲಾಪತ್ತಿ ಅಂತ ಹೆಸರು. ಪೋರ್ಚುಗೀಸರ ಬಾಯಿಂದ ಬಂದ ಮಾತು, ಆದರೆ ಅದರ ಬೇರು ಅರಬ್ಬಿ ಅಂತ 1886ರ ಹಾಬ್ಸನ್-ಜಾಬ್ಸನ್ ನಿಘಂಟು ಹೇಳುತ್ತದೆ. ಮಂಕ್‌ಹೌಸ್ ಆ ನಾರನ್ನೂ ಉಣ್ಣೆಯನ್ನೂ ಸಣ್ಣಗೆ ಕತ್ತರಿಸಿ ಬೆರೆಸಿದ. ಒಂದು ಹಳೆಯ ಹಾಯಿಯ ಮೇಲೆ ಹಿಡಿ ಹಿಡಿಯಾಗಿ ಇಟ್ಟು ಸಡಿಲವಾಗಿ ಹೊಲಿಸಿದ. ಅದರ ಮೇಲೆ ಹಡಗಿನಲ್ಲಿದ್ದ ಕುರಿಗಳ ಹಿಕ್ಕೆ ಸವರಿಸಿದ. ಹಾಯಿಯ ಮೂಲೆಗಳಿಗೆ ಹಗ್ಗ ಕಟ್ಟಿ, ಹಡಗಿನ ತಳದ ಅಡಿಯಿಂದ ಎಳೆದು ತೂತಿನ ಜಾಗಕ್ಕೆ ತಂದರು.

ಹೊಲಿಗೆ ಸಡಿಲವಾಗಿಯೇ ಇರಬೇಕು, ಗುಟ್ಟು ಇರುವುದು ಅಲ್ಲೇ. ಒಳನುಗ್ಗುವ ನೀರು ತಾನೇ ನಾರು, ಉಣ್ಣೆ, ಹಿಕ್ಕೆಯನ್ನು ಕಿತ್ತುಕೊಂಡು ಬಿರುಕಿನೊಳಗೆ ಎಳೆದುಕೊಳ್ಳುತ್ತದೆ. ಬಿರುಕು ಎಲ್ಲಿದೆ ಅಂತ ಹುಡುಕುವ ಕೆಲಸವನ್ನೂ ನೀರೇ ಮಾಡಿಬಿಡುತ್ತದೆ. ಹೊರಗಿನ ಒತ್ತಡ ಹಾಯಿಯನ್ನು ತಳಕ್ಕೆ ಅಂಟಿಸಿ ಹಿಡಿಯುತ್ತದೆ. ಕಾಲು ಗಂಟೆಯೊಳಗೆ ಹಡಗಿನ ನೀರನ್ನು ಪೂರ್ತಿ ಖಾಲಿ ಮಾಡಲು ಸಾಧ್ಯವಾಯಿತು ಅಂತ ಬ್ಯಾಂಕ್ಸ್ ಬೆರಗಿನಿಂದ ಬರೆಯುತ್ತಾನೆ. ಮೂರು ಪಂಪಿಗೆ ಬಗ್ಗದ ಸೋರಿಕೆ ಒಂದೇ ಪಂಪಿಗೆ ಇಳಿಯಿತು.

ಇದಕ್ಕೆ ಮಿತಿಯೂ ಇದೆ. ಬಿರುಕಿಗೆ, ಅಂಗೈಯಗಲದ ತೂತಿಗೆ ಇದು ಸರಿ. ದೊಡ್ಡದಾಗಿ ಹರಿದ ತಳಕ್ಕೆ ಹಾಯಿ ಒಳಗೇ ಸೆಳೆದುಹೋಗುತ್ತದೆ. ಹಡಗು ಜೋರಾಗಿ ಓಡಿದರೆ ಜಾರಿಹೋಗುತ್ತದೆ.

ತಳದಲ್ಲಿ ಕಂಡದ್ದು

ದೋಣಿಯವರು ದಡದಲ್ಲಿ ಒಂದು ನದೀಮುಖ ಹುಡುಕಿ ಬಂದರು. ಅದಕ್ಕೆ ಈಗ ಎಂಡೆವರ್ ನದಿ ಅಂತ ಹೆಸರು, ಊರಿಗೆ ಕುಕ್‌ಟೌನ್. ಅದು ಗುಗು ಯಿಮಿತಿರ್ ಜನರ ನೆಲವಾಗಿತ್ತು. ಕಾಂಗರೂ ಅನ್ನುವ ಮಾತು ಲೋಕಕ್ಕೆ ಸಿಕ್ಕಿದ್ದು ಅವರ ಬಾಯಿಂದಲೇ. ಅಲ್ಲಿ ಹಡಗನ್ನು ದಡಕ್ಕೆ ಎಳೆದು, ಇಳಿತದಲ್ಲಿ ತಳ ನೋಡಿದರು. ಹವಳ ನಾಲ್ಕು ಹಲಗೆಗಳನ್ನು ಪೂರ್ತಿ ಕೊಯ್ದು ಒಳಗಿನ ತೊಲೆಗೂ ತಾಗಿತ್ತು. ಸಿಬಿರು ಎದ್ದಿರಲಿಲ್ಲ, ಉಳಿಯಿಂದ ಕಡಿದ ಹಾಗಿತ್ತು. ಒಂದು ತೂತಂತೂ ಇದ್ದ ಪಂಪಿನ ಎರಡರಷ್ಟಿದ್ದರೂ ಹಡಗನ್ನು ಮುಳುಗಿಸುವಷ್ಟು ದೊಡ್ಡದು. ಆದರೆ ಆ ತೂತಿನೊಳಗೆ ಹವಳದ ಒಂದು ದೊಡ್ಡ ತುಂಡು ಮುರಿದು ಸಿಕ್ಕಿಕೊಂಡಿತ್ತು. ಅದರ ಸುತ್ತ ಮಂಕ್‌ಹೌಸ್‌ನ ನಾರು, ಉಣ್ಣೆ ತುಂಬಿಕೊಂಡಿತ್ತು.

ಅಂದರೆ ತೂತಿನ ದೊಡ್ಡ ಪಾಲನ್ನು ಬಂಡೆಯೇ ಮುಚ್ಚಿತ್ತು, ಉಳಿದ ಸಂದಿಯನ್ನು ಮನುಷ್ಯರು ಮುಚ್ಚಿದರು. ಎಳೆಯುವಾಗ ಆ ತುಂಡು ಕಳಚಿ ಬಿದ್ದಿದ್ದರೆ ಈ ಕಥೆ ಬರೆಯಲು ಯಾರೂ ಉಳಿಯುತ್ತಿರಲಿಲ್ಲ.

ಇಂದಿನ ನಾಯಕರಿಗೆ ಕಲಿಸುವ ಪಾಠದಲ್ಲಿ ಇದೇ ಎಚ್ಚರಿಕೆ ಬೇರೆ ರೂಪದಲ್ಲಿದೆ. ಬಡಿದ ಕೂಡಲೇ ಎಂಜಿನನ್ನು ಹಿಂದಕ್ಕೆ ಓಡಿಸಿ ಎಳೆದುಕೊಳ್ಳಬೇಡಿ, ತೂತನ್ನು ಮುಚ್ಚಿರುವುದು ಆ ಬಂಡೆಯೇ ಆಗಿರಬಹುದು. ಮೊದಲು ನೀರು ತಡೆಯುವ ಬಾಗಿಲುಗಳನ್ನು ಮುಚ್ಚಿ, ಪ್ರತಿ ಟ್ಯಾಂಕನ್ನು ಅಳೆಯಿರಿ, ಸುತ್ತಲ ಆಳ ನೋಡಿ, ಭರತದ ಹೊತ್ತು ನೋಡಿ. ಗಾಳಿ ಏಳುವ ಸೂಚನೆ ಇದ್ದರೆ, ಹಡಗು ಕುಕ್ಕಿಕೊಳ್ಳದ ಹಾಗೆ ಟ್ಯಾಂಕುಗಳಿಗೆ ಬೇಕೆಂದೇ ನೀರು ತುಂಬಿ ಗಟ್ಟಿಯಾಗಿ ಕೂರಿಸುವುದೂ ಉಂಟು. ಮರದ ಬೆಣೆ, ಊರುಗೋಲಾಗಿ ಕೊಡುವ ತೊಲೆ, ಸಿಮೆಂಟು ತುಂಬಿದ ಪೆಟ್ಟಿಗೆ, ಹೊರಗಿನಿಂದ ಹೊದಿಸುವ ದಪ್ಪ ಚಾಪೆ, ಇವೆಲ್ಲ ಈಗಲೂ ಇವೆ. ಆ ಚಾಪೆ ಮಂಕ್‌ಹೌಸ್‌ನ ಹಾಯಿಯ ಮೊಮ್ಮಗ. ಬರುವ ನೀರನ್ನು ಹೊರಹೋಗುವ ನೀರಿಗಿಂತ ಕಡಿಮೆ ಮಾಡಿ, ಅದನ್ನು ಅಳತೆಯಿಂದ ಖಾತ್ರಿ ಮಾಡಿಕೊಂಡ ಮೇಲಷ್ಟೇ ತೇಲಿಸುವ ಮಾತು. ಕುಕ್‌ಗೆ ಆ ಅವಕಾಶ ಇರಲಿಲ್ಲ. ಅವನು ಮೊದಲು ತೇಲಿಸಿ ಆಮೇಲೆ ಮುಚ್ಚಿದ.

ಎಂಡೆವರ್ ಆಗಸ್ಟ್ ಮೊದಲ ವಾರದಲ್ಲಿ ನದಿ ಬಿಟ್ಟಿತು. ಅಕ್ಟೋಬರಿನಲ್ಲಿ ಬಟಾವಿಯಾ, ಅಂದರೆ ಇಂದಿನ ಜಕಾರ್ತಾ ತಲುಪಿ, ಅಲ್ಲಿನ ಹಡಗುಕಟ್ಟೆಯಲ್ಲಿ ತಳ ನೋಡಿದಾಗ, ಕೆಲವು ಕಡೆ ಹಲಗೆ ಸವೆದು ಇಂಚಿನ ಎಂಟನೇ ಒಂದು ಭಾಗದಷ್ಟು ಮಾತ್ರ ಉಳಿದಿತ್ತು. ನದಿಯ ದಡದಲ್ಲಿ ನೋಡಲಾಗದ ಜಾಗ ಅದು. ಅಷ್ಟು ತೆಳು ಮರದ ಮೇಲೆ ಅವರು ಎರಡು ತಿಂಗಳು ಕಡಲು ದಾಟಿದ್ದರು. ಬಂಡೆಯ ಮೇಲೆ ಒಬ್ಬನನ್ನೂ ಕಳೆದುಕೊಳ್ಳದ ಹಡಗು, ಬಟಾವಿಯಾದ ಜ್ವರ ಮತ್ತು ಭೇದಿಗೆ ಎಷ್ಟೋ ಜನರನ್ನು ಕಳೆದುಕೊಂಡಿತು. ಅಲ್ಲಿಂದ ಹೊರಟ ಮೇಲೆ, 1771ರ ಫೆಬ್ರವರಿಯಲ್ಲಿ ಮಂಕ್‌ಹೌಸ್ ಕೂಡ ಹಡಗಿನಲ್ಲೇ ತೀರಿಕೊಂಡ.

ಕಡಲಿಗೆ ಎಸೆದ ಆರು ಫಿರಂಗಿಗಳು 1969ರಲ್ಲಿ ಸಿಕ್ಕವು. ಎರಡು ಶತಮಾನದಲ್ಲಿ ಅವುಗಳ ಮೇಲೆ ಹವಳ ದಪ್ಪಗೆ ಬೆಳೆದುಬಿಟ್ಟಿತ್ತು.